ಆಟದಲ್ಲಿ ಮಗುವಿಗೆ ಯಾವ ಹೆಸರಿಡಬೇಕು?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಈ ರಜೆಯಲ್ಲಿ ರೋಬ್ಲಾಕ್ಸ್ ಆಡಲೇಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಅಕ್ಕನ ಮಗ ಅವನಿಗೆ SamarthGHPS_2016 ಎಂದು ಹೆಸರು ಬರೆದುಕೊಟ್ಟಿದ್ದಾನೆ. ಪೂರ್ತಿ ಹೆಸರು, ಊರು ಯಾವುದೂ ಇಲ್ಲವಲ್ಲ, ಇದರಿಂದ ತೊಂದರೆ ಏನು? ಬೇರೆ ಏನೋ ಹೆಸರಿಟ್ಟರೆ ಶಾಲೆಯ ಗೆಳೆಯರಿಗೆ ಅವನ ಗುರುತು ಸಿಗುವುದು ಹೇಗೆ?
— ಒಬ್ಬ ತಾಯಿ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ (ಮಗುವಿನ ಹೆಸರನ್ನು ಇಲ್ಲಿ ಬದಲಿಸಲಾಗಿದೆ)

ಉತ್ತರ: ದಯವಿಟ್ಟು ಆ ಹೆಸರನ್ನು ಇಡಬೇಡಿ. ಖಾತೆ ಇನ್ನೂ ತೆರೆದಿಲ್ಲವೆಂದು ನಿಮ್ಮ ಮಾತಿನಿಂದ ತಿಳಿಯುತ್ತದೆ. ಹಾಗಿದ್ದರೆ ಇದನ್ನು ಸರಿಪಡಿಸಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ, ಏಕೆಂದರೆ ರೋಬ್ಲಾಕ್ಸ್‌ನಲ್ಲಿ ಒಮ್ಮೆ ಇಟ್ಟ ಹೆಸರು ಸುಲಭವಾಗಿ ಅಳಿಸಿಹೋಗುವುದಿಲ್ಲ.

ಅಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಎರಡು ಹೆಸರುಗಳಿರುತ್ತವೆ. ಒಂದು ಖಾತೆಯ ಹೆಸರು, ಅಂದರೆ ಯೂಸರ್‌ನೇಮ್. ಇನ್ನೊಂದು ಆಟದೊಳಗೆ ಗೊಂಬೆಯ ತಲೆಯ ಮೇಲೆ ಕಾಣಿಸುವ ಡಿಸ್‌ಪ್ಲೇ ನೇಮ್. ಡಿಸ್‌ಪ್ಲೇ ನೇಮನ್ನು ಏಳು ದಿನಕ್ಕೊಮ್ಮೆ ಹಣ ಕೊಡದೆ ಬದಲಿಸಬಹುದು. ಯೂಸರ್‌ನೇಮ್ ಹಾಗಲ್ಲ. ಅದನ್ನು ಬದಲಿಸಬೇಕಾದರೆ ಆ ಆಟದ ಹಣವಾದ ರೋಬಕ್ಸ್‌ನಲ್ಲಿ 1000 ತೆರಬೇಕು, ಮತ್ತು ಅಷ್ಟು ತೆತ್ತ ಮೇಲೂ ಹಳೆಯ ಯೂಸರ್‌ನೇಮ್ ‘ಹಿಂದಿನ ಹೆಸರುಗಳು’ ಎಂಬ ಸಾಲಿನಲ್ಲಿ ಪ್ರೊಫೈಲ್ ಪುಟದಲ್ಲಿಯೇ ಉಳಿದುಕೊಳ್ಳುತ್ತದೆ. ಬಹಳಷ್ಟು ತಂದೆತಾಯಿಯರು ಡಿಸ್‌ಪ್ಲೇ ನೇಮನ್ನು ಬದಲಿಸಿ ಕೆಲಸ ಮುಗಿಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಆ ಗೊಂಬೆಯ ಪ್ರೊಫೈಲನ್ನು ಯಾರಾದರೂ ತೆರೆದರೆ, ಡಿಸ್‌ಪ್ಲೇ ನೇಮಿನ ಕೆಳಗೇ @ ಚಿಹ್ನೆಯ ಜೊತೆಗೆ ಯೂಸರ್‌ನೇಮ್ ಇದ್ದೇ ಇರುತ್ತದೆ. ಆದ್ದರಿಂದ ನೀವು ಯೋಚಿಸಬೇಕಾದದ್ದು ಮೊದಲು ಯೂಸರ್‌ನೇಮಿನ ಬಗ್ಗೆ.

ಈಗ ನಿಮ್ಮ ಅಕ್ಕನ ಮಗ ಬರೆದುಕೊಟ್ಟ ಹದಿನಾರು ಅಕ್ಷರಗಳನ್ನು ಒಬ್ಬ ಅಪರಿಚಿತನ ಕಣ್ಣಿನಿಂದ ಓದಿ ನೋಡೋಣ. ಮೊದಲ ಏಳು ಅಕ್ಷರಗಳಿಂದ ಇವನು ಹುಡುಗ, ಹೆಸರು ಸಮರ್ಥ ಎಂದು ತಿಳಿಯಿತು. ನಂತರದ ನಾಲ್ಕು ಅಕ್ಷರಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಎಂಬುದರ ಇಂಗ್ಲಿಷ್ ಸಂಕ್ಷೇಪವೆಂದು ನಮ್ಮ ರಾಜ್ಯದ ಶಾಲಾ ಫಲಕಗಳನ್ನು ಕಂಡ ಯಾರಿಗಾದರೂ ಗೊತ್ತು. ಕೊನೆಯ ನಾಲ್ಕು ಅಂಕಿಗಳು ಹುಟ್ಟಿದ ವರ್ಷವಲ್ಲದೆ ಬೇರೇನೂ ಆಗಿರಲಾರವು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ನೀವು ಹೇಳಿದ್ದು ನಿಜ: ಸಮರ್ಥ ಎಂಬ ಹೆಸರಿನ ಹುಡುಗರು ಸಾವಿರಾರು ಜನರಿದ್ದಾರೆ, 2016ರಲ್ಲಿ ಹುಟ್ಟಿದ ಮಕ್ಕಳು ಲಕ್ಷಾಂತರ ಇದ್ದಾರೆ. ತೊಂದರೆ ಇರುವುದು ಈ ಮೂರೂ ಒಂದೇ ಸಾಲಿನಲ್ಲಿ, ಒಬ್ಬನೇ ಹುಡುಗನ ತಲೆಯ ಮೇಲೆ ಕೂತಿರುವುದರಲ್ಲಿ. ಆಟಕ್ಕೆ ಕಾಲಿಟ್ಟ ಮೊದಲ ನಿಮಿಷದಲ್ಲಿಯೇ, ಒಂದು ಮಾತನ್ನೂ ಕೇಳದೆ, ಇವನು ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಓದುವ ಒಂಬತ್ತು ವರ್ಷದ ಹುಡುಗನೆಂದು ಅಪರಿಚಿತನಿಗೆ ತಿಳಿದುಹೋಗುತ್ತದೆ.

ಇದರ ಮುಂದಿನ ಹೆಜ್ಜೆಗೆ ಯಾವ ಕಂಪ್ಯೂಟರ್ ಕಳ್ಳತನವೂ ಬೇಕಿಲ್ಲ. ಆಡುತ್ತಾ ಆಡುತ್ತಾ ಮಗು ‘ನಾಳೆ ನಾ ಬರಂಗಿಲ್ಲ, ಅಂಬಾಮಠದ ಜಾತ್ರಿಗೆ ಹೋಗ್ತೀವಿ’ ಎಂದು ಹೇಳಿತೆಂದುಕೊಳ್ಳಿ. ಮಕ್ಕಳು ಇಂಥ ಮಾತನ್ನು ಆಡಿಯೇ ಆಡುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಆ ಒಂದು ಮಾತಿನಿಂದ ರಾಜ್ಯ ಹೋಗಿ ತಾಲ್ಲೂಕು ಸಿಕ್ಕಿತು. ಆಮೇಲೆ ಫೇಸ್‌ಬುಕ್‌ನಲ್ಲಿ ತಾಲ್ಲೂಕಿನ ಹೆಸರು, ಪ್ರತಿಭಾ ಕಾರಂಜಿ, ಸಮರ್ಥ ಎಂದು ಹುಡುಕಿದರೆ, ಕ್ಲಸ್ಟರ್ ಮಟ್ಟದಲ್ಲಿ ಬಹುಮಾನ ಪಡೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ, ಅದರ ಕೆಳಗೆ ಹೆಸರು, ತರಗತಿ, ಶಾಲೆ ಎಲ್ಲವೂ ಸಿಗುವ ಸಾಧ್ಯತೆ ಇದೆ. ಅಭಿಮಾನದಿಂದ ಹಾಕಿದ ಆ ಚಿತ್ರ ತನ್ನಷ್ಟಕ್ಕೆ ನಿರಪಾಯಕರ. ಆಟದ ಹೆಸರು ಅದಕ್ಕೆ ದಾರಿ ತೋರಿಸಿದಾಗ ಮಾತ್ರ ಅದು ಗೊಂಬೆಗೆ ಮುಖವನ್ನೂ ವಿಳಾಸವನ್ನೂ ಕೊಟ್ಟುಬಿಡುತ್ತದೆ.

ದೊಡ್ಡ ನಗರಗಳಿಗಾಗಿ ಬರೆದ ಸಲಹೆಗಳಲ್ಲಿ ಕಾಣದ ಒಂದು ಅಂಶವನ್ನು ನಮ್ಮ ಭಾಗದವರು ಪ್ರತ್ಯೇಕವಾಗಿ ಗಮನಿಸಬೇಕು. ಬೆಂಗಳೂರಿನಲ್ಲಿ ಹೆಸರು ಮತ್ತು ತರಗತಿ ತಿಳಿದರೂ ಒಂದು ಮಗುವನ್ನು ಹುಡುಕುವುದು ಕಷ್ಟ. ಹಟ್ಟಿಯ ಚಿನ್ನದ ಗಣಿಯ ಕಾಲೊನಿಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದ ವಸತಿಗೃಹಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್‌ನಲ್ಲಿ, ಅಥವಾ ತುಂಗಭದ್ರಾ ಕಾಲುವೆಯ ಬದಿಯ ಒಂದು ಕ್ಯಾಂಪಿನಲ್ಲಿ ಅಷ್ಟೇ ತಿಳಿದರೆ ಸಾಕು, ಗೇಟಿನ ಬಳಿಯ ಚಹಾದಂಗಡಿಯವರು ಮನೆಯನ್ನೇ ತೋರಿಸುತ್ತಾರೆ. ಊರು ಚಿಕ್ಕದಾದಷ್ಟೂ ಹೆಸರಿನಲ್ಲಿ ಬಿಟ್ಟುಕೊಡಬಹುದಾದ ಸುಳಿವು ಕಡಿಮೆಯಾಗುತ್ತದೆ.

ನಮ್ಮಲ್ಲಿ ಮಗುವಿನ ನಿಜವಾದ ಹೆಸರೇ ಎಷ್ಟೋ ಸಲ ಊರಿನ ಸುಳಿವೂ ಆಗಿರುತ್ತದೆ. ಗವಿಸಿದ್ದೇಶ ಎಂದರೆ ಕೊಪ್ಪಳದ ಕಡೆಯವನೆಂದು, ಕೊಟ್ರೇಶ ಎಂದರೆ ಕೊಟ್ಟೂರಿನ ಸುತ್ತಮುತ್ತಲಿನವನೆಂದು, ಹುಲಿಗೆಮ್ಮ ಎಂದರೆ ಹುಲಿಗಿಯ ದೇವಿಗೆ ನಡೆದುಕೊಳ್ಳುವ ಮನೆತನದವಳೆಂದು ಈ ಭಾಗದ ಯಾರಾದರೂ ಊಹಿಸಬಲ್ಲರು. ಬಡಿಗೇರ, ಹೂಗಾರ, ಕಂಬಾರ ಎಂಬಂಥ ಮನೆತನದ ಹೆಸರುಗಳು ಇನ್ನೂ ಸ್ವಲ್ಪ ಹೆಚ್ಚು ಹೇಳುತ್ತವೆ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಉಳ್ಳವರ ವಿಷಯವನ್ನಂತೂ ವಿವರಿಸಬೇಕಾಗಿಯೇ ಇಲ್ಲ. ‘ಹೊರಗಿನವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ’ ಎಂದು ಕೆಲವರು ಕೇಳುತ್ತಾರೆ. ಮಗುವಿನ ಬೆನ್ನು ಹತ್ತುವವನು ಯಾವಾಗಲೂ ದೂರದ ದೇಶದಲ್ಲಿಯೇ ಇರುತ್ತಾನೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಅವನು ಪಕ್ಕದ ತಾಲ್ಲೂಕಿನವನೂ ಆಗಿರಬಹುದು, ನಮ್ಮಂತೆಯೇ ಮಾತನಾಡುವವನೂ ಆಗಿರಬಹುದು.

ಅಂಕಿಗಳಲ್ಲಿಯೂ ಇದೇ ಮಾತು. ನಮ್ಮ ಹುಡುಗರು ಬಲು ಅಭಿಮಾನದಿಂದ ಹೆಸರಿಗೆ ಸೇರಿಸಿಕೊಳ್ಳುವುದು ವಾಹನದ ನೋಂದಣಿ ಸಂಕೇತವನ್ನು: KA36 ಎಂದರೆ ರಾಯಚೂರು, KA37 ಎಂದರೆ ಕೊಪ್ಪಳ, KA34 ಎಂದರೆ ಬಳ್ಳಾರಿ. ಊರಿನ ಹೆಸರನ್ನು ಬರೆಯಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಆದರೆ ಜಿಲ್ಲೆಯನ್ನು ಬರೆದಾಗಿರುತ್ತದೆ. 584 ಎಂದು ಸೇರಿಸಿದರೆ ಅದು ರಾಯಚೂರು ಜಿಲ್ಲೆಯ ಪಿನ್‌ಕೋಡಿನ ಆರಂಭ. 583 ಬಳ್ಳಾರಿ, ಕೊಪ್ಪಳದ ಕಡೆಯದು. ಹಾಜರಿ ಪುಸ್ತಕದ ಕ್ರಮಸಂಖ್ಯೆ, ತರಗತಿ ಮತ್ತು ವಿಭಾಗ ಸೇರಿದ 4B, ಮನೆಯ ಬೈಕಿನ ಸಂಖ್ಯೆ, ಅಪ್ಪನ ಮೊಬೈಲಿನ ಕೊನೆಯ ನಾಲ್ಕು ಅಂಕಿ, ಹುಟ್ಟಿದ ದಿನ ಮತ್ತು ತಿಂಗಳು, ಇವೆಲ್ಲವನ್ನೂ ನಾನು ಮಕ್ಕಳ ಖಾತೆಗಳಲ್ಲಿ ಕಂಡಿದ್ದೇನೆ. ನೆನಪಿನಲ್ಲಿ ಉಳಿಯಲೆಂದು ಮಗು ಆರಿಸಿಕೊಳ್ಳುವ ಅಂಕಿ ಬಹುಮಟ್ಟಿಗೆ ಅದರ ಬದುಕಿನಿಂದಲೇ ಬಂದಿರುತ್ತದೆ. ಹಾಗಾಗಿ ಅಂಕಿಯನ್ನು ಅದರ ಇಷ್ಟಕ್ಕೆ ಬಿಡಬಾರದು.

ಇನ್ನೊಂದು ಎಚ್ಚರಿಕೆಯನ್ನು ಹೆಚ್ಚಿನವರು ನಿರೀಕ್ಷಿಸುವುದಿಲ್ಲ. ನಿಜವಾದ ಹೆಸರು ಬೇಡವೆಂದಾಗ ಮನೆಯವರು ಕೂಡಲೇ ಸೂಚಿಸುವುದು ಮುದ್ದಿನ ಹೆಸರನ್ನು: ಚಿನ್ನು, ಪುಟ್ಟ, ಬುಜ್ಜಿ. ನನ್ನ ದೃಷ್ಟಿಯಲ್ಲಿ ಇದು ಶಾಲಾ ದಾಖಲೆಯ ಹೆಸರಿಗಿಂತಲೂ ಕೆಟ್ಟ ಆಯ್ಕೆ. ಶಾಲೆಯ ಹೆಸರನ್ನು ಮಾಸ್ತರರು, ಡಾಕ್ಟರು, ಬಸ್ಸಿನ ಕಂಡಕ್ಟರ್ ಎಲ್ಲರೂ ಕರೆಯುತ್ತಾರೆ. ಮುದ್ದಿನ ಹೆಸರನ್ನು ಮನೆಯವರು ಮತ್ತು ತೀರ ಹತ್ತಿರದವರು ಮಾತ್ರ ಕರೆಯುತ್ತಾರೆ. ಶಾಲೆಯ ಗೇಟಿನ ಬಳಿ ಬೈಕು ನಿಲ್ಲಿಸಿ ‘ಚಿನ್ನು, ನಿಮ್ಮಪ್ಪ ಕಳಿಸ್ಯಾರ, ಬಾ’ ಎಂದವನನ್ನು ಒಂಬತ್ತು ವರ್ಷದ ಮಗು ಅಪರಿಚಿತನೆಂದು ಭಾವಿಸುವುದಿಲ್ಲ. ಮುದ್ದಿನ ಹೆಸರು ವಯಸ್ಸನ್ನೂ ಹೇಳುತ್ತದೆ. Baby, Little, Junior, Cute, Princess ಮೊದಲಾದ ಪದಗಳೂ ಹಾಗೆಯೇ: ಅವುಗಳಲ್ಲಿ ಹೆಸರೂ ಇಲ್ಲ, ವರ್ಷವೂ ಇಲ್ಲ, ಆದರೆ ಈ ಗುಂಪಿನಲ್ಲಿ ಚಿಕ್ಕ ಮಗು ಯಾವುದೆಂದು ಹುಡುಕುತ್ತಿರುವವನಿಗೆ ಅಷ್ಟೇ ಸಾಕಾಗುತ್ತದೆ.

ಹಾಗಾದರೆ ಹೆಸರು ಎಲ್ಲಿಂದ ಬರಬೇಕು? ಮಗುವಿನ ಬದುಕಿನ ಹೊರಗಿನಿಂದ ಬರಬೇಕು, ಆದರೂ ಮಗುವಿಗೆ ಅದು ತನ್ನದೆನ್ನಿಸಬೇಕು. ದೊಡ್ಡವರು ಹೇರಿದ ಹೆಸರನ್ನು ಮಕ್ಕಳು ಕದ್ದು ಬದಲಿಸಿಕೊಳ್ಳುತ್ತಾರೆ. ಅದಕ್ಕಾಗಿ ನಾನು ತಂದೆತಾಯಿಯರಿಗೆ ಚೀಟಿ ಎತ್ತುವ ವಿಧಾನವನ್ನು ಹೇಳುತ್ತೇನೆ. ಮಗನ ಜೊತೆ ಕುಳಿತು ಹತ್ತು ಚೀಟಿಗಳ ಮೇಲೆ ಗುಣವನ್ನೋ ಕ್ರಿಯೆಯನ್ನೋ ಹೇಳುವ ಪದಗಳನ್ನು ಬರೆಯಿರಿ: ಓಡುವ, ನೀಲಿ, ನಗುವ, ಉದ್ದನೆಯ, ಹಾರುವ, ಹೀಗೆ. ಇನ್ನು ಹತ್ತರ ಮೇಲೆ ವಸ್ತು ಅಥವಾ ಪ್ರಾಣಿಗಳ ಹೆಸರು: ಆಮೆ, ಕೊಡೆ, ಗೂಬೆ, ದೋಣಿ, ಏಣಿ. ಇವುಗಳಲ್ಲಿ ನಿಮ್ಮ ಮನೆಯ ನಾಯಿಯ ಹೆಸರಾಗಲಿ, ಅಪ್ಪನ ಅಂಗಡಿಯ ಹೆಸರಾಗಲಿ, ಶಾಲೆಯ ತಂಡದ ಹೆಸರಾಗಲಿ ಬರಬಾರದು. ಎರಡೂ ಗುಂಪಿನಿಂದ ಮಗನೇ ಒಂದೊಂದು ಚೀಟಿ ಎತ್ತಲಿ. ಇಷ್ಟವಾಗದಿದ್ದರೆ ಮತ್ತೆ ಎತ್ತಲಿ. ನಗು ಬರುವ ಜೋಡಿ ಸಿಗುವವರೆಗೆ ಎತ್ತಿದರೂ ನಷ್ಟವಿಲ್ಲ.

‘ಓಡುವ’ ಮತ್ತು ‘ಆಮೆ’ ಸಿಕ್ಕವೆಂದು ಭಾವಿಸೋಣ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ OduvaAame ಎಂದು ಬರೆಯಬಹುದು. ರೋಬ್ಲಾಕ್ಸ್‌ನ ಯೂಸರ್‌ನೇಮಿಗೆ ಕನಿಷ್ಠ 3, ಗರಿಷ್ಠ 20 ಅಕ್ಷರಗಳ ಮಿತಿ ಇದೆ. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ನಡುವೆ ಒಂದೇ ಒಂದು ಅಡಿಗೆರೆಯನ್ನು ಮಾತ್ರ ಅದು ಒಪ್ಪುತ್ತದೆ. ಈ ಹೆಸರನ್ನು ಬೇರೆಯವರು ಆಗಲೇ ಇಟ್ಟುಕೊಂಡಿದ್ದರೆ ಅಂಕಿ ಸೇರಿಸಬೇಕಾಗುತ್ತದೆ, ಮತ್ತು ಎಷ್ಟೋ ಮಕ್ಕಳು ಹುಟ್ಟಿದ ವರ್ಷವನ್ನು ಸೇರಿಸುವುದು ಇದೇ ಘಟ್ಟದಲ್ಲಿ, ಅವಸರದಲ್ಲಿ. ಅದರ ಬದಲು ಸೊನ್ನೆಯಿಂದ ಒಂಬತ್ತರವರೆಗೆ ಚೀಟಿ ಬರೆದು ಎರಡು ಸಲ ಎತ್ತಿ. 4 ಮತ್ತು 7 ಬಂದರೆ ಹೆಸರು OduvaAame_47 ಆಗುತ್ತದೆ. ಆದರೆ 06ರಿಂದ 18ರವರೆಗಿನ ಯಾವುದೇ ಅಂಕಿ ಬಂದರೆ, ಅದು ಚೀಟಿಯಿಂದಲೇ ಬಂದಿದ್ದರೂ, ಬಿಟ್ಟು ಮತ್ತೆ ಎತ್ತಿ. ಓದುವವನಿಗೆ ಅದು ಚೀಟಿಯಿಂದ ಬಂದದ್ದೆಂದು ತಿಳಿಯದು; ಅವನು ಅದನ್ನು ವಯಸ್ಸೆಂದೋ ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿಯೆಂದೋ ಓದುತ್ತಾನೆ. ಇಲ್ಲಿ ಬರೆದ ಉದಾಹರಣೆಯನ್ನೇ ಯಾರೂ ಇಟ್ಟುಕೊಳ್ಳಬೇಡಿ, ಇದನ್ನು ಓದಿದವರೆಲ್ಲರಿಗೂ ಅದು ಗೊತ್ತಾಗಿದೆ.

ಕನ್ನಡ ಪದವಿದ್ದರೆ ಭಾಷೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ತಿಳಿಯುತ್ತದೆ, ಮತ್ತು ಅದಕ್ಕೆ ನನ್ನ ಅಭ್ಯಂತರವಿಲ್ಲ. ಕನ್ನಡ ಮಾತನಾಡುವವರು ಕೋಟಿಗಟ್ಟಲೆ ಇದ್ದಾರೆ. ಮಗು ತನ್ನ ಭಾಷೆಯನ್ನೇ ಮುಚ್ಚಿಡಬೇಕಾದ ಅಗತ್ಯ ಕಾಣುವುದಿಲ್ಲ. ಕನ್ನಡದೊಳಗಿನ ಸಣ್ಣ ವಲಯವನ್ನು ತೋರಿಸುವ ಪದಗಳನ್ನು ಮಾತ್ರ ಬಿಡಬೇಕು. Hampi ಎಂಬ ಒಂದೇ ಪದ ಜಗತ್ತಿಗೆಲ್ಲ ಗೊತ್ತಿರುವುದರಿಂದ ತನ್ನಷ್ಟಕ್ಕೆ ಹೆಚ್ಚೇನೂ ಹೇಳದು, ಆದರೆ Mudgal, Kanakagiri, Maski ಎಂದು ಹೆಸರಿಗೆ ಸೇರಿಸಿಕೊಳ್ಳುವವರು ಬಹುಮಟ್ಟಿಗೆ ಆ ಊರಿನವರೇ ಆಗಿರುತ್ತಾರೆ.

ಹೆಸರು ಗಟ್ಟಿಯಾದ ಮೇಲೆ ಖಾತೆ ತೆರೆಯುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿ. ಮೊದಲನೆಯದು, ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ "OduvaAame_47" ಎಂದು ಗೂಗಲ್‌ನಲ್ಲಿ, ಆಮೇಲೆ ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ನಲ್ಲಿ ಹುಡುಕಿ. ಏನೂ ಸಿಗಬಾರದು. ಈ ಪರೀಕ್ಷೆಯ ಕಾರಣವನ್ನು ಸ್ವಲ್ಪ ವಿವರಿಸಬೇಕು. ಒಂದೇ ಹೆಸರನ್ನು ಆಟದಲ್ಲಿ, ಯೂಟ್ಯೂಬ್ ಚಾನಲ್ಲಿನಲ್ಲಿ, ಮುಂದೆ ಇನ್‌ಸ್ಟಾಗ್ರಾಂನಲ್ಲಿ ಬಳಸಿದರೆ, ಅತ್ಯಂತ ಸುರಕ್ಷಿತವಾದ ಹೆಸರೂ ಗುರುತಿನ ಚೀಟಿಯಾಗಿಬಿಡುತ್ತದೆ, ಏಕೆಂದರೆ ಆಟದಲ್ಲಿ ಮುಖವಿಲ್ಲ, ಆದರೆ ಯೂಟ್ಯೂಬ್ ವಿಡಿಯೋದಲ್ಲಿ ಮಗುವಿನ ಧ್ವನಿ, ಅಡುಗೆಮನೆಯ ಗೋಡೆ, ಗೋಡೆಯ ಮೇಲಿನ ಸ್ಥಳೀಯ ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್ ಎಲ್ಲವೂ ಇರುತ್ತವೆ. ಒಂದು ಯೂಸರ್‌ನೇಮನ್ನು ಕೊಟ್ಟರೆ ನೂರಾರು ತಾಣಗಳಲ್ಲಿ ಅದೇ ಹೆಸರಿನ ಖಾತೆ ಇದೆಯೇ ಎಂದು ಹುಡುಕಿಕೊಡುವ ಉಚಿತ ಸಾಧನಗಳೂ ಇವೆ. ಆದ್ದರಿಂದ ಆಟದ ಹೆಸರು ಆಟಕ್ಕೆ ಮಾತ್ರ ಮೀಸಲಾಗಿರಲಿ. ಇನ್ನೊಂದು ತಾಣಕ್ಕೆ ಹೋದಾಗ ಮತ್ತೆ ಚೀಟಿ ಎತ್ತಿ, ಎರಡನ್ನೂ ಮನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡನೆಯದು ಇನ್ನೂ ಸರಳ. ನಿಮ್ಮ ಮಗನನ್ನು ಬಲ್ಲ ಆದರೆ ಈ ವಿಷಯ ತಿಳಿಯದ ಒಬ್ಬರಿಗೆ, ಪಕ್ಕದ ಮನೆಯವರಿಗೋ ಅಜ್ಜನಿಗೋ, ಆ ಹೆಸರನ್ನು ಬರೆದು ತೋರಿಸಿ, ಇದು ಹುಡುಗನೋ ಹುಡುಗಿಯೋ, ಎಷ್ಟು ವಯಸ್ಸು, ಎಲ್ಲಿಯವರು ಎಂದು ಕೇಳಿ. ಮೂರಕ್ಕೂ ಅವರು ಗೊತ್ತಿಲ್ಲವೆನ್ನಬೇಕು. ‘ನಮ್ಮ ಸಮರ್ಥಂದಾ ಏನು?’ ಎಂದು ಕೇಳಿದರೆ ಆ ಹೆಸರನ್ನು ಬಿಟ್ಟುಬಿಡಿ.

ಖಾಸಗಿ ಮಾಹಿತಿಯಂತೆ ಕಾಣುವ ಕೆಲವು ಹೆಸರುಗಳನ್ನು ರೋಬ್ಲಾಕ್ಸ್ ತಾನಾಗಿಯೇ ತಡೆಯುವುದುಂಟು. ಅದನ್ನು ನೆಚ್ಚಿಕೊಂಡು ಕೂರಬಾರದು. ಗವಿಸಿದ್ದೇಶ ಎಂಬುದು ಕೊಪ್ಪಳದ ಹೆಸರೆಂದೋ, ನಾಲ್ಕು ಇಂಗ್ಲಿಷ್ ಅಕ್ಷರಗಳು ನಮ್ಮ ಸರ್ಕಾರಿ ಶಾಲೆಯನ್ನು ಸೂಚಿಸುತ್ತವೆ ಎಂದೋ ಗುರುತಿಸುವ ಕೆಲಸ ನಿಮ್ಮದೇ.

ಇಷ್ಟೆಲ್ಲ ಮಾಡಿ ಒಳ್ಳೆಯ ಹೆಸರನ್ನಿಟ್ಟ ಮೇಲೂ ಮಾಹಿತಿ ಸೋರುವ ಎರಡು ದಾರಿಗಳಿವೆ. ಒಂದು, ಅಪ್ಪನ ಮೊಬೈಲ್. ನಮ್ಮಲ್ಲಿ ಹೆಚ್ಚಿನ ಮಕ್ಕಳು ಆಡುವುದು ಅಪ್ಪ ಅಥವಾ ಅಮ್ಮನ ಫೋನಿನಲ್ಲಿ, ಅವರದೇ ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದ ಒಳಗೆ ಹೋಗಿ. ಲೂಡೋದಂಥ ಆಟಗಳಲ್ಲಿ ಫೇಸ್‌ಬುಕ್ ಮೂಲಕ ಪ್ರವೇಶಿಸಿದರೆ ಅಲ್ಲಿನ ಹೆಸರೂ ಚಿತ್ರವೂ ಹಾಗೆಯೇ ಆಟಕ್ಕೆ ಬಂದುಬಿಡಬಹುದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಪ್ಪನ ಚಿತ್ರ, ಕೆಳಗೆ ಅವರ ಪೂರ್ತಿ ಹೆಸರು. ಇಂಥ ಆಟಗಳಲ್ಲಿ ಅತಿಥಿಯಾಗಿ ಪ್ರವೇಶಿಸುವ ಅವಕಾಶವಿದ್ದರೆ ಅದನ್ನೇ ಆರಿಸಿ, ಇಲ್ಲವಾದರೆ ಪ್ರವೇಶಿಸಿದ ಕೂಡಲೇ ಪ್ರೊಫೈಲಿಗೆ ಹೋಗಿ ಏನು ಕಾಣಿಸುತ್ತಿದೆ ಎಂದು ನೀವೇ ನೋಡಿ. ಇನ್ನೊಂದು, ಗುಂಪಿನ ಹೆಸರು. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಗಿಲ್ಡ್, ಬಿಜಿಎಂಐನಲ್ಲಿ ಕ್ಲಾನ್ ಎಂದು ಕರೆಯುವ ಗುಂಪುಗಳನ್ನು ದೊಡ್ಡ ಹುಡುಗರು ಶಾಲೆಯ ಅಥವಾ ಓಣಿಯ ಹೆಸರಿನಲ್ಲಿಯೇ ಕಟ್ಟುತ್ತಾರೆ. ಆಟಗಾರನ ಪ್ರೊಫೈಲಿನಲ್ಲಿ ಗುಂಪಿನ ಹೆಸರೂ ಕಾಣುವುದರಿಂದ, ಓಡುವ ಆಮೆ ಯಾವ ಶಾಲೆಯದೆಂದು ಅದೇ ಹೇಳಿಬಿಡುತ್ತದೆ. ನಿಮ್ಮ ಅಕ್ಕನ ಮಗನಿಗೆ ಈ ಮಾತನ್ನು ಬಿಡಿಸಿ ಹೇಳಿ. ಅವನು ಹೆಸರು ಬರೆದುಕೊಟ್ಟದ್ದು ಪ್ರೀತಿಯಿಂದಲೇ. ಕಾರಣ ತಿಳಿದರೆ ತಮ್ಮನ ಖಾತೆಯನ್ನು ಕಾಯುವವನೂ ಅವನೇ ಆಗುತ್ತಾನೆ.

ಹೆಸರಿನಲ್ಲಿ ವಯಸ್ಸನ್ನು ಮುಚ್ಚಿಡಿ ಎಂದದ್ದನ್ನು ಖಾತೆಯ ಅರ್ಜಿಗೂ ಅನ್ವಯಿಸಬೇಡಿ. ಖಾತೆ ತೆರೆಯುವಾಗ ಕೇಳುವ ಹುಟ್ಟಿದ ದಿನಾಂಕವನ್ನು ಸರಿಯಾಗಿಯೇ ತುಂಬಿ. ಅದು ಬೇರೆ ಆಟಗಾರರಿಗೆ ಕಾಣುವುದಿಲ್ಲ, ಮತ್ತು ಮಗುವಿನೊಂದಿಗೆ ಯಾರು ಮಾತನಾಡಬಹುದು, ಯಾವ ಆಟಗಳು ತೆರೆಯಬಹುದು ಎಂಬ ತಡೆಗಳೆಲ್ಲ ಮಗುವಿನ ವಯಸ್ಸನ್ನೇ ಆಧರಿಸಿವೆ. ಬೇಗ ಮುಗಿಯಲೆಂದು ಅಪ್ಪನ ಹುಟ್ಟಿದ ವರ್ಷವನ್ನು ಹಾಕಿದ ಖಾತೆಯಲ್ಲಿ ಒಂಬತ್ತು ವರ್ಷದ ಮಗು ದೊಡ್ಡವರ ಲೆಕ್ಕಕ್ಕೆ ಸೇರಿಹೋಗಬಹುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಆ ರಕ್ಷಣೆ ಸಿಗಬೇಕಾದರೂ ಖಾತೆ ಮಗುವಿನದೆಂದು ಸಂಸ್ಥೆಗೆ ಗೊತ್ತಿರಬೇಕು.

ಈಗಾಗಲೇ ಇಂಥ ಹೆಸರಿನ ಖಾತೆ ತೆರೆದಿರುವ ಬೇರೆ ಪೋಷಕರಿಗೂ ಒಂದು ಮಾತು. ರೋಬ್ಲಾಕ್ಸ್‌ನಲ್ಲಿ ಹಳೆಯ ಹೆಸರು ಪ್ರೊಫೈಲಿನಲ್ಲಿ ಉಳಿಯುವುದರಿಂದ, ಹಣ ಕೊಟ್ಟು ಹೆಸರು ಬದಲಿಸುವುದಕ್ಕಿಂತ ಹೊಸ ಖಾತೆ ತೆರೆದು ಹಳೆಯದನ್ನು ಮುಚ್ಚುವುದೇ ಮೇಲು. ಮಗು ಕೂಡಿಟ್ಟ ಬಟ್ಟೆಬರೆ, ಅಂಕಗಳು ಹೋಗುತ್ತವೆ ಎಂಬ ದುಃಖ ಇದ್ದದ್ದೇ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ 30 ದಿನಕ್ಕೊಮ್ಮೆ ಹೆಸರನ್ನು ಬದಲಿಸಬಹುದು, ಹಳೆಯ ಹೆಸರುಗಳನ್ನು ತೋರಿಸುವ ವ್ಯವಸ್ಥೆಯನ್ನು ಆ ಸಂಸ್ಥೆಯೇ 2022ರಲ್ಲಿ ನಿಲ್ಲಿಸಿದೆ. ಆದರೆ ಹೊರಗಿನ ತಾಣಗಳು ಅದಕ್ಕೂ ಮೊದಲು ಸಂಗ್ರಹಿಸಿಟ್ಟುಕೊಂಡದ್ದು ಅಳಿಸಿಹೋಗಿಲ್ಲ. ಸ್ಟೀಮ್‌ನಲ್ಲಿ ಹಿಂದಿನ ಹೆಸರುಗಳ ಪಟ್ಟಿ ಪ್ರೊಫೈಲಿನಲ್ಲಿ ಕಾಣುತ್ತದೆ, ಅದನ್ನು ಅಲ್ಲಿಯೇ ಅಳಿಸುವ ಅವಕಾಶವೂ ಇದೆ. ಅಪರಿಚಿತನೊಬ್ಬ ಮಗುವನ್ನು ಆಗಲೇ ನಿಜವಾದ ಹೆಸರಿನಿಂದ ಕರೆಯಲಾರಂಭಿಸಿದ್ದರೆ, ಅಥವಾ ಚಿತ್ರ ಕಳಿಸೆಂದು ಕೇಳಿದ್ದರೆ, ಖಾತೆಯನ್ನು ಆತುರದಿಂದ ಮುಚ್ಚಬೇಡಿ. ಮೊದಲು ಅವನ ಯೂಸರ್‌ನೇಮ್, ಪ್ರೊಫೈಲ್ ಪುಟ ಮತ್ತು ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಟದೊಳಗೇ ದೂರು ಕೊಟ್ಟು ಅವನನ್ನು ಬ್ಲಾಕ್ ಮಾಡಿ, ಬಳಿಕ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ; cybercrime.gov.in ತಾಣದಲ್ಲಿಯೂ ದೂರು ದಾಖಲಿಸಬಹುದು. ಮಗುವನ್ನು ಗದರಿಸಿದರೆ ಮುಂದಿನ ಸಲ ಅದು ನಿಮ್ಮ ಬಳಿ ಬಾಯಿ ಬಿಡುವುದಿಲ್ಲ.

ಉಳಿದದ್ದು ಗೆಳೆಯರ ಪ್ರಶ್ನೆ. ಅವರು ಹುಡುಕಿ ಕಂಡುಕೊಳ್ಳುವಂಥ ಹೆಸರನ್ನು ಯಾರು ಬೇಕಾದರೂ ಹುಡುಕಿ ಕಂಡುಕೊಳ್ಳಬಹುದಾದ್ದರಿಂದ, ಗುರುತು ಹೆಸರಿನ ಮೂಲಕ ಸಿಗಬೇಕೆಂಬ ಆಸೆಯನ್ನೇ ಬಿಡಬೇಕು. ಮಗ ತನ್ನ ಯೂಸರ್‌ನೇಮನ್ನು ಕಾಗದದ ಚೂರಿನ ಮೇಲೆ ಬರೆದುಕೊಂಡು ಹೋಗಿ ಗೆಳೆಯನ ಕೈಗೆ ಕೊಡಲಿ, ಗೆಳೆಯನದನ್ನೂ ಬರೆಸಿಕೊಂಡು ಬರಲಿ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಅಲ್ಲಿ ಹೆಸರು, ಶಾಲೆ ಮತ್ತು ಯೂಸರ್‌ನೇಮ್ ಮತ್ತೆ ಒಂದೇ ಸಾಲಿಗೆ ಬರುತ್ತವೆ. ಸ್ನೇಹದ ಕೋರಿಕೆಯನ್ನು ನಿಮ್ಮ ಮಗನೇ ಕಳಿಸಲಿ, ಮತ್ತು ಒಪ್ಪಿಕೊಂಡ ಮೇಲೆ ಮರುದಿನ ಶಾಲೆಯಲ್ಲಿ ‘ನಿನ್ನೆ ನೀನೇ ಒಪ್ಪಿಕೊಂಡದ್ದಾ?’ ಎಂದು ಎದುರಿಗೇ ಕೇಳಿ ಖಚಿತಪಡಿಸಿಕೊಳ್ಳಲಿ. ಹೊರಗಿನಿಂದ ಬಂದ ಕೋರಿಕೆ ಯಾರದೆಂದು ಅವನಿಗೆ ಹೇಳಲಾಗದಿದ್ದರೆ, ಕಳಿಸಿದವನು ಅದೇ ತರಗತಿಯ ಹುಡುಗನೆಂದು ಎಷ್ಟೇ ಹೇಳಿಕೊಂಡರೂ, ಅದನ್ನು ತಿರಸ್ಕರಿಸಲಿ. ಆಟದೊಳಗೆ ಗೆಳೆಯರು ಅವನನ್ನು ‘ಆಮೆ’ ಎಂದೇ ಕರೆಯಬೇಕು, ಸಮರ್ಥ ಎಂದಲ್ಲ. ಚಾಟ್‌ನಲ್ಲಿ ಒಬ್ಬ ಗೆಳೆಯ ಮರೆತು ನಿಜವಾದ ಹೆಸರನ್ನು ಬರೆದರೂ ಅಲ್ಲಿರುವ ಬೇರೆಯವರೂ ಅದನ್ನು ಓದಬಹುದು. ಹಾಗಾಗಿ ಆ ಮೂರು ನಾಲ್ಕು ಮಕ್ಕಳ ಮನೆಯವರ ಜೊತೆಗೂ ನೀವು ಒಮ್ಮೆ ಮಾತನಾಡಿ, ಅವರ ಮಕ್ಕಳೂ ಇದೇ ರೀತಿ ಚೀಟಿ ಎತ್ತಿ ಹೆಸರಿಟ್ಟುಕೊಳ್ಳುವಂತೆ ಮಾಡಿ.